ಕೆಳಗಿನಿಂದ ನಾತ ಬರುತ್ತಿದೆಯೇ? ಗುಳಿಗೆ ನುಂಗುವ ಮೊದಲು ಒಳಗೇನಾದರೂ ಉಳಿದಿದೆಯಾ ನೋಡಿ

ಓಪಿಡಿ ಮುಗಿಯುವ ಹೊತ್ತಿಗೆ ಬಂದಿದ್ದಳು ಆ ಹುಡುಗಿ. ಇಪ್ಪತ್ತೆರಡು ವಯಸ್ಸು. ಊರು ಗದಗದ ಕಡೆ, ಓದುವುದು ಧಾರವಾಡದಲ್ಲಿ, ಇರುವುದು ಪೀಜಿಯಲ್ಲಿ. ಧಾರವಾಡದ ಆಸ್ಪತ್ರೆಗೆ ಹೋದರೆ ಗುರುತಿನವರು ಸಿಕ್ಕಾರು ಎಂದು ಬಸ್ ಹತ್ತಿ ಹುಬ್ಬಳ್ಳಿಗೆ, ನಾನು ನರ್ಸ್ ಆಗಿರುವ ಹೆರಿಗೆ ಆಸ್ಪತ್ರೆಗೆ ಬಂದಿದ್ದಳು. ಡಾಕ್ಟರ ಕೋಣೆಗೆ ಹೋಗುವ ಮೊದಲೇ ನನ್ನ ಕಡೆ ಬಗ್ಗಿ ಹೇಳಿದಳು.

"ಸಿಸ್ಟರ್ರೀ, ಭಾಳ ನಾತ ಬರಾಕತ್ತೈತ್ರಿ. ಕ್ಲಾಸಿನ್ಯಾಗ ಯಾರ ಬಾಜೂನೂ ಕೂಡಾಕ ಆಗವಲ್ದು."

"ಎಷ್ಟು ದಿನ ಆತು?"

"ಹತ್ತ ದಿನ ಆತ್ರಿ. ಮೆಡಿಕಲ್ ಶಾಪಿನ್ಯಾಗ ಗುಳಿಗಿ ತಗೊಂಡಿನ್ರಿ. ಎರಡ ದಿನ ಕಮ್ಮಿ ಆತು, ಮತ್ತ ಬಂತು."

ಅವಳು ಹತ್ತಿರ ಬಂದಾಗಲೇ ನನಗೆ ವಾಸನೆ ಬಡಿದಿತ್ತು. ಇಷ್ಟು ವರ್ಷ ಈ ಕೆಲಸ ಮಾಡಿದವರಿಗೆ ಆ ವಾಸನೆ ಮರೆಯುವುದಿಲ್ಲ. ಕಪಾಟಿನ ಹಿಂದೆ ಇಲಿ ಸತ್ತರೆ ಮೂರನೇ ದಿನ ಬರುತ್ತದಲ್ಲ, ಅಂಥದ್ದು. ನಾನು ಒಂದೇ ಪ್ರಶ್ನೆ ಕೇಳಿದೆ: "ಹೋದ ಸಲ ಮುಟ್ಟಾದಾಗ ಏನ್ ಬಳಸಿದ್ದಿ? ಪ್ಯಾಡೋ, ಬಟ್ಟಿಯೋ, ಒಳಗ ಇಡೋದೋ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೋವಾಕ್ಕ ಹೋಗಿದ್ವಿರಿ. ಗೆಳತಿ ಟ್ಯಾಂಪನ್ ಕೊಟ್ಟಿದ್ಲು" ಅಂದಳು. ಮುಟ್ಟಿನ ರಕ್ತ ಹೀರಲು ಯೋನಿಯೊಳಗೆ ಇಟ್ಟುಕೊಳ್ಳುವ, ದಾರ ಇರುವ ಹತ್ತಿಯ ಸುರುಳಿ ಅದು.

ಅವಳ ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಆದರೆ ತಾರೀಕುಗಳ ಲೆಕ್ಕ ನಿಜದ್ದೇ. ಆ ಲೆಕ್ಕದಲ್ಲೇ ಉತ್ತರ ಇತ್ತು. ನಿಮಗೂ ಇಂಥ ತೊಂದರೆ ಬಂದರೆ ಅದೇ ಲೆಕ್ಕದಿಂದ ಶುರು ಮಾಡಿ.

ಮೊದಲು: ಇದು ನಿಜವಾಗಿಯೂ ನಾತವೇ?

ನಮ್ಮ ಕಡೆ 'ಬಿಳಿ ಹೋಗ್ತದ' ಎಂದು ಬರುವವರಲ್ಲಿ ಎಷ್ಟೋ ಜನರಿಗೆ ಯಾವ ರೋಗವೂ ಇರುವುದಿಲ್ಲ. ಮುಟ್ಟು ಶುರುವಾದ ಹೆಣ್ಣುಮಕ್ಕಳಿಗೆಲ್ಲ ಸ್ವಲ್ಪ ಬಿಳಿ ಹೋಗುವುದು ಸಹಜ. ತಿಂಗಳ ನಡುವೆ ಅದು ಮೊಟ್ಟೆಯ ಬಿಳಿಯ ಹಾಗೆ ಎಳೆ ಎಳೆಯಾಗಿರುತ್ತದೆ, ಆಮೇಲೆ ದಪ್ಪಗಾಗುತ್ತದೆ. ಚಡ್ಡಿಯ ಮೇಲೆ ಒಣಗಿದಾಗ ತುಸು ಹಳದಿ ಕಾಣುತ್ತದೆ. ವಾಸನೆ ಇದ್ದರೂ ಮಜ್ಜಿಗೆಯ ಹಾಗೆ ತುಸು ಹುಳಿ. ಯೋನಿಯೊಳಗೆ ಒಳ್ಳೆಯ ಬ್ಯಾಕ್ಟೀರಿಯಾಗಳಿದ್ದು, ಅವು ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳ ಬಳಗದವೇ. ಅವು ಲ್ಯಾಕ್ಟಿಕ್ ಆಮ್ಲ ತಯಾರಿಸಿ ಒಳಗೆ ಹುಳಿ ಉಳಿಸುತ್ತವೆ, ಆ ಹುಳಿಯಲ್ಲಿ ಕೆಟ್ಟವು ಬೆಳೆಯುವುದಿಲ್ಲ. ಬೇಸಿಗೆಯಲ್ಲಿ ಬೆವರಿನ ವಾಸನೆಯೂ ಇದಕ್ಕೆ ಸೇರಿ ಜಾಸ್ತಿ ಅನ್ನಿಸಬಹುದು. ಅದು ಸ್ನಾನ ಮಾಡಿದರೆ ಹೋಗುತ್ತದೆ.

ಸ್ನಾನ ಮಾಡಿ ಬಟ್ಟೆ ಬದಲಿಸಿ ಒಂದೆರಡು ತಾಸಿನಲ್ಲಿ ಮತ್ತೆ ಅದೇ ವಾಸನೆ ಬಂದರೆ ಅದು ಚರ್ಮದ್ದಲ್ಲ, ಒಳಗಿನದು. ಆಗ ಮುಂದಿನ ಹೆಜ್ಜೆಗೆ ಹೋಗಿ.

ಕ್ಯಾಲೆಂಡರ್ ಇಟ್ಟುಕೊಂಡು ಕೂಡಿ

ಗೋಡೆಯ ಕ್ಯಾಲೆಂಡರ್ ಆದರೂ ಸರಿ, ಮೊಬೈಲ್ ಆದರೂ ಸರಿ. ಮೂರು ಗುರುತು ಹಾಕಿ: ಕೊನೆಯ ಮುಟ್ಟು ಶುರುವಾದ ದಿನ, ನಿಂತ ದಿನ, ವಾಸನೆ ಮೊದಲು ಗೊತ್ತಾದ ದಿನ. ಆಮೇಲೆ ನೆನಪು ಮಾಡಿಕೊಳ್ಳಿ. ಈ ನಡುವೆ ಯೋನಿಯೊಳಗೆ ಏನಾದರೂ ಇಟ್ಟಿದ್ದಿರಾ? ಟ್ಯಾಂಪನ್, ಮುಟ್ಟಿನ ಕಪ್, ಹತ್ತಿ ಉಂಡೆ, ಬಟ್ಟೆ ಚೂರು, ಯಾವುದಾದರೂ ಸರಿ. ಕಾಂಡೋಮ್ ಹರಿದಿತ್ತಾ, ಒಳಗೆ ಜಾರಿತ್ತಾ? ಹೆರಿಗೆ ಆಗಿತ್ತಾ?

ನಮ್ಮ ಹುಡುಗಿಯ ಲೆಕ್ಕ ಹೀಗಿತ್ತು. ಮುಟ್ಟು ಶುರುವಾದದ್ದು 4ನೇ ತಾರೀಕು. 7 ಮತ್ತು 8ಕ್ಕೆ ಗೋವಾದಲ್ಲಿದ್ದಳು. ಪ್ಯಾಡ್ ಹಾಕಿಕೊಂಡು ಸಮುದ್ರಕ್ಕೆ ಇಳಿಯಲು ಆಗುವುದಿಲ್ಲ ಅಲ್ವಾ, ಹಾಗಾಗಿ ಜೀವನದಲ್ಲಿ ಮೊದಲ ಸಲ ಟ್ಯಾಂಪನ್ ಬಳಸಿದಳು. 8ರ ಬೆಳಿಗ್ಗೆ ಒಂದು ಇಟ್ಟುಕೊಂಡಳು. ಮಧ್ಯಾಹ್ನ ಶೌಚಕ್ಕೆ ಹೋಗಿ ಬಂದ ಮೇಲೆ ದಾರ ಕೈಗೆ ಸಿಗಲಿಲ್ಲ. ಬಿದ್ದುಹೋಗಿರಬೇಕು ಎಂದುಕೊಂಡು ಇನ್ನೊಂದು ಇಟ್ಟುಕೊಂಡಳು. ಸಂಜೆ ಒಂದನ್ನು ತೆಗೆದು ಪ್ಯಾಡ್‌ಗೆ ಬಂದಳು. ಒಂದು ತೆಗೆದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಹಾಗಾಗಿಯೇ ಇನ್ನೊಂದರ ಅನುಮಾನ ಆಗ ಬರಲಿಲ್ಲ. ಎರಡನೆಯದು ಮೊದಲನೆಯದನ್ನು ಮೇಲಕ್ಕೆ ತಳ್ಳಿ ಅಡ್ಡ ಮಲಗಿಸಿತ್ತು, ದಾರದ ಸಮೇತ.

13ಕ್ಕೆ ಕಂದು ನೀರಿನಂಥದ್ದು ಹೋಗತೊಡಗಿತು. ಮುಟ್ಟಿನ ಬಾಕಿ ಇರಬೇಕು ಅಂದುಕೊಂಡಳು. 15ಕ್ಕೆ ವಾಸನೆ. 18ಕ್ಕೆ ಮೆಡಿಕಲ್ ಶಾಪಿನ ಗುಳಿಗೆ. 20ಕ್ಕೆ ತುಸು ಕಡಿಮೆ. 22ಕ್ಕೆ ಮೊದಲಿಗಿಂತ ಜಾಸ್ತಿ. 25ಕ್ಕೆ ನಮ್ಮಲ್ಲಿಗೆ. ಅಂದರೆ 17 ದಿನ ಅದು ಒಳಗೇ ಇತ್ತು.

ಟ್ಯಾಂಪನ್ ಮರೆತವರಲ್ಲಿ ಸಾಮಾನ್ಯವಾಗಿ ಹೀಗೇ ನಡೆಯುತ್ತದೆ. ಮುಟ್ಟು ಮುಗಿದು ಕೆಲವು ದಿನ ಏನೂ ಇರುವುದಿಲ್ಲ, ಆಮೇಲೆ ಶುರುವಾಗಿ ದಿನದಿಂದ ದಿನಕ್ಕೆ ಏರುತ್ತದೆ. ಹತ್ತಿಯಲ್ಲಿ ನಿಂತ ರಕ್ತದಲ್ಲಿ, ಗಾಳಿ ಇಲ್ಲದೆಯೂ ಬದುಕುವ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಕೊಳೆಯುವ ವಾಸನೆ ಅವುಗಳದ್ದು. ಗುಳಿಗೆ ಅವುಗಳಲ್ಲಿ ಕೆಲವನ್ನು ಕೊಲ್ಲುತ್ತದೆ, ಅದಕ್ಕೇ ಎರಡು ದಿನ ಕಡಿಮೆ. ಆದರೆ ಹತ್ತಿ ಅಲ್ಲೇ ಇದೆಯಲ್ಲ, ಮತ್ತೆ ತುಂಬಿಕೊಳ್ಳುತ್ತವೆ. ನನ್ನ ಅನುಭವದಲ್ಲಿ, 'ಗುಳಿಗೆ ತಗೊಂಡಾಗ ಕಮ್ಮಿ, ಬಿಟ್ಟಾಗ ಮತ್ತ ಅದೇ' ಎನ್ನುವ ಮಾತು ಕೇಳಿದರೆ ಒಳಗೆ ನೋಡಲೇಬೇಕು.

ಬೆರಳಿನಿಂದ ನೋಡುವುದು ಹೇಗೆ

ಇದನ್ನು ನೀವೇ ಮಾಡಬಹುದು. ಕೆಲವರಿಗೆ ಮಾಡಲು ಮನಸ್ಸಾಗುವುದಿಲ್ಲ. ಅಂಥವರು ಇದನ್ನು ಬಿಟ್ಟು ಸೀದಾ ಆಸ್ಪತ್ರೆಗೆ ಹೋದರೂ ಏನೂ ತಪ್ಪಿಲ್ಲ. ಜ್ವರ ಇದ್ದರೆ, ಕಿಬ್ಬೊಟ್ಟೆ ನೋಯುತ್ತಿದ್ದರೆ, ಬಸುರಿ ಆಗಿದ್ದರೆ, ಹೆರಿಗೆಯಾಗಿ ಆರು ವಾರ ಕಳೆದಿಲ್ಲದಿದ್ದರೆ ಮನೆಯಲ್ಲಿ ನೋಡಿಕೊಳ್ಳುವುದು ಬೇಡ.

ಮೊದಲು ಒಂದು ಭಯ ಬಿಡಿ. ಟ್ಯಾಂಪನ್ ಹೊಟ್ಟೆಯೊಳಗೆ ಹೋಗಿ ಕಳೆದುಹೋಗುವುದಿಲ್ಲ. ಯೋನಿ ಒಂದು ಕಡೆ ಮುಚ್ಚಿದ ಚೀಲದ ಹಾಗೆ. ಮೇಲ್ಗಡೆ ಗರ್ಭಕೋಶದ ಬಾಯಿ ಇದೆ, ಆದರೆ ಅದರ ತೂತು ಬಹಳ ಸಣ್ಣದು, ಟ್ಯಾಂಪನ್ ತೂರುವಂಥದ್ದಲ್ಲ. ಚೀಲದ ಆಳ ಹೆಚ್ಚೂಕಡಿಮೆ ಒಂದು ಬೆರಳಿನಷ್ಟು. ಹಾಗಾಗಿ ಏನಿದ್ದರೂ ಬೆರಳಿನ ಅಳತೆಯಲ್ಲೇ ಇರುತ್ತದೆ, ಇಲ್ಲವೇ ತುಸು ಮೇಲೆ.

ಉಗುರು ಕತ್ತರಿಸಿ. ಕೈಯನ್ನು ಸಾಬೂನಿನಿಂದ ತೊಳೆಯಿರಿ. ಮೂತ್ರ ಮಾಡಿ ಬನ್ನಿ, ಮೂತ್ರಚೀಲ ತುಂಬಿದ್ದರೆ ಬೆರಳಿಗೆ ಜಾಗ ಸಾಲುವುದಿಲ್ಲ. ಆಮೇಲೆ ಬಚ್ಚಲಿನಲ್ಲಿ ಕುಕ್ಕರಗಾಲಿನಲ್ಲಿ ಕೂಡಿ. ನಮ್ಮ ಕಡೆಯ ಹೆಂಗಸರಿಗೆ ಇದು ಸುಲಭ, ಬೇರೆ ಭಂಗಿ ಹುಡುಕಬೇಕಾಗಿಲ್ಲ. ಕೂತಾಗ ಯೋನಿಯ ಉದ್ದ ಕಡಿಮೆಯಾಗಿ ಒಳಗಿನದು ಕೆಳಗೆ ಬರುತ್ತದೆ.

ತೋರುಬೆರಳನ್ನು ನಿಧಾನವಾಗಿ ಒಳಗೆ ಬಿಡಿ. ನೇರ ಮೇಲಕ್ಕಲ್ಲ, ಬೆನ್ನಿನ ಕಡೆ ಓರೆಯಾಗಿ. ಒಣಗಿದ್ದರೆ ಬೆರಳನ್ನು ಶುದ್ಧ ನೀರಿನಲ್ಲಿ ಒದ್ದೆ ಮಾಡಿಕೊಳ್ಳಿ. ಕೊಬ್ಬರಿ ಎಣ್ಣೆ, ಕ್ರೀಮು ಬೇಡ. ತುದಿಯಲ್ಲಿ ಗಟ್ಟಿಯಾದ, ನುಣುಪಾದ ಗುಂಡನೆಯದು ತಗುಲಿದರೆ ಅದು ಗರ್ಭಕೋಶದ ಬಾಯಿ. ಮೂಗಿನ ತುದಿ ಮುಟ್ಟಿದ ಹಾಗೆ ಇರುತ್ತದೆ. ಅದನ್ನು ಟ್ಯಾಂಪನ್ ಎಂದುಕೊಂಡು ಎಳೆಯಲು ಹೋಗಬೇಡಿ. ಅದರ ಸುತ್ತ, ಮುಂದೆ ಹಿಂದೆ ಎರಡೂ ಬದಿ, ಸಂದು ಇರುತ್ತದೆ. ಟ್ಯಾಂಪನ್ ಅಡಗುವುದು ಅಲ್ಲೇ, ಅದರಲ್ಲೂ ಹಿಂದಿನ ಸಂದಿನಲ್ಲಿ. ಬೆರಳನ್ನು ಗಡಿಗೆಯ ಒಳಬದಿ ತೊಳೆಯುವ ಹಾಗೆ ಒಂದು ಸುತ್ತು ತಿರುಗಿಸಿ. ಶೌಚಕ್ಕೆ ಮುಕ್ಕುವ ಹಾಗೆ ಸ್ವಲ್ಪ ಮುಕ್ಕಿದರೆ ಇನ್ನೂ ಕೆಳಗೆ ಬರುತ್ತದೆ.

ಒದ್ದೆ ಬಟ್ಟೆಯ ಮುದ್ದೆಯಂಥದ್ದು ತಗುಲಿದರೆ ಮೊದಲು ದಾರ ಹುಡುಕಿ. ದಾರ ಸಿಕ್ಕರೆ ನಿಧಾನವಾಗಿ ಕೆಳಕ್ಕೆ ಎಳೆಯಿರಿ. ಸಿಗದಿದ್ದರೆ ತೋರುಬೆರಳು ಮತ್ತು ನಡುಬೆರಳಿನ ನಡುವೆ ಹಿಡಿದು, ಮುಕ್ಕುತ್ತಾ ಕೆಳಗೆ ತನ್ನಿ. ಹೊರಬಂದ ಮೇಲೆ ತುಂಡಾಗಿದೆಯಾ, ಇಡಿಯಾಗಿದೆಯಾ ನೋಡಿ. ತುಂಡಾಗಿದ್ದರೆ ಉಳಿದದ್ದನ್ನು ಡಾಕ್ಟರ ಹತ್ತಿರವೇ ತೆಗೆಸಿ. ನೋಡಿದ ಮೇಲೆ ತಕ್ಷಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿ, ಇಲ್ಲದಿದ್ದರೆ ಮನೆಯೆಲ್ಲ ನಾತ. ಸಂಡಾಸಿಗೆ ಹಾಕಬೇಡಿ, ಕಟ್ಟಿಕೊಳ್ಳುತ್ತದೆ.

ಐದು ನಿಮಿಷ ನೋಡಿ, ಸಿಗದಿದ್ದರೆ ನಿಲ್ಲಿಸಿ. ಹುಬ್ಬು ಕೀಳುವ ಚಿಮಟ, ಪಿನ್ನು, ಚಮಚದ ಹಿಡಿ, ಯಾವುದನ್ನೂ ಒಳಗೆ ಹಾಕಬೇಡಿ. ಪಿನ್ನಿನಿಂದ ಗೀರಿಕೊಂಡು ರಕ್ತ ಸುರಿಸುತ್ತಾ ಬಂದವರನ್ನು ನೋಡಿದ್ದೇನೆ. ನೀರು ಬಿಟ್ಟು ತೊಳೆಯುವುದೂ ಬೇಡ. ಒಂದು ಮಾತು ನೆನಪಿರಲಿ, ಬೆರಳಿಗೆ ಸಿಗಲಿಲ್ಲ ಅಂದರೆ ಒಳಗೆ ಇಲ್ಲ ಅಂತಲ್ಲ. ನಮ್ಮ ಹುಡುಗಿಯೂ ಎರಡು ಸಲ ನೋಡಿಕೊಂಡಿದ್ದಳು, ಸಿಕ್ಕಿರಲಿಲ್ಲ.

ಆಸ್ಪತ್ರೆಯಲ್ಲಿ ಏನು ಹೇಳಬೇಕು

'ಬಿಳಿ ಹೋಗ್ತದ' ಎಂದಷ್ಟೇ ಹೇಳಿದರೆ ಗುಳಿಗೆ ಸಿಗುತ್ತದೆ, ತಪಾಸಣೆ ಸಿಗದೇ ಹೋಗಬಹುದು. ಇದು ಯಾರ ಮೇಲಿನ ದೂರೂ ಅಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್' ಅಂತ ಇರುತ್ತದೆ. ಅಲ್ಲಿ ಒಂದೊಂದು ತೊಂದರೆಗೆ ಒಂದೊಂದು ಬಣ್ಣದ ಔಷಧಿ ಕಿಟ್ ಉಚಿತ. ಬಿಳಿ ಹೋಗುವುದಕ್ಕೆ ಹಸಿರು ಕಿಟ್. ಅದರಲ್ಲಿ ಸೆಕ್ನಿಡಾಜೋಲ್ ಮತ್ತು ಫ್ಲುಕೋನಜೋಲ್ ಎಂಬ ಗುಳಿಗೆಗಳಿರುತ್ತವೆ. ಸಾಮಾನ್ಯ ಸೋಂಕುಗಳಿಗೆ ಅದು ಒಳ್ಳೆಯ ಔಷಧಿ. ಮೆಡಿಕಲ್ ಶಾಪಿನವರು ಚೀಟಿ ಇಲ್ಲದೆ ಕೊಡುವ 'ಕಿಟ್' ಕೂಡ ಹೆಚ್ಚೂಕಡಿಮೆ ಇದೇ ಜಾತಿಯದು. ಆದರೆ ಯಾವ ಬಣ್ಣದ ಕಿಟ್ಟೂ ಹತ್ತಿಯನ್ನು ಹೊರಗೆ ತರುವುದಿಲ್ಲ.

ಹಾಗಾಗಿ ಬಾಯಿ ಬಿಟ್ಟು ಹೀಗೆ ಹೇಳಿ: "ಡಾಕ್ಟರೇ, ಒಳಗೆ ಟ್ಯಾಂಪನ್ ಉಳಿದಿರಬಹುದು ಅಂತ ಅನುಮಾನ. ಸ್ಪೆಕ್ಯುಲಮ್ ಹಾಕಿ ನೋಡ್ತೀರಾ?" ಸ್ಪೆಕ್ಯುಲಮ್ ಅಂದರೆ ಯೋನಿಯನ್ನು ತುಸು ಅಗಲಿಸಿ ಒಳಗೆ ನೋಡುವ ಸಾಧನ. ಟ್ಯಾಂಪನ್ ಬದಲು ಹತ್ತಿ ಎನ್ನಿ, ಬಟ್ಟೆ ಎನ್ನಿ, ನಿಮ್ಮದು ಏನಿದೆಯೋ ಅದನ್ನು ಹೇಳಿ. ನಮ್ಮ ಕಡೆ ಟ್ಯಾಂಪನ್ ಬಳಸುವವರು ಕಡಿಮೆ, ಹಾಗಾಗಿ ಡಾಕ್ಟರಿಗೆ ತಾವಾಗಿಯೇ ಅದು ಹೊಳೆಯದಿರಬಹುದು. ಮೊದಲು ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ, ಧಾರವಾಡ ಜಿಲ್ಲಾ ಆಸ್ಪತ್ರೆ, ಗದಗಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಹಾವೇರಿ ಜಿಲ್ಲಾ ಆಸ್ಪತ್ರೆ, ಇವೆಲ್ಲದರಲ್ಲೂ ಸ್ತ್ರೀರೋಗ ವಿಭಾಗ ಇದೆ. ಬರೀ ಟ್ಯಾಂಪನ್ ತೆಗೆಸಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ, ಹೆರಿಗೆ ಮಾಡಿಸುವ ಯಾವ ಆಸ್ಪತ್ರೆಯಲ್ಲೂ ಇದಕ್ಕೆ ಬೇಕಾದ ಸಾಮಾನು ಇರುತ್ತದೆ.

ಮದುವೆಯಾಗದ ಹುಡುಗಿಯರು ಎರಡು ವಿಷಯಕ್ಕೆ ಹೆದರುತ್ತಾರೆ. ಒಂದು ನೋವು, ಇನ್ನೊಂದು 'ಕನ್ಯಾಪೊರೆ'. ಸ್ಪೆಕ್ಯುಲಮ್‌ನಲ್ಲಿ ಸಣ್ಣ ಅಳತೆಯದೂ ಇರುತ್ತದೆ, ಸಣ್ಣದು ಹಾಕಿ ಎಂದು ಕೇಳಿ. ಟ್ಯಾಂಪನ್ ಒಳಗೆ ಹೋಗಿದೆ ಅಂದಮೇಲೆ ಅದನ್ನು ತೆಗೆಯಲೂ ದಾರಿ ಇದ್ದೇ ಇದೆ. ಪೊರೆ ಎನ್ನುವುದು ಬಾಗಿಲು ಮುಚ್ಚಿದ ಪರದೆ ಅಲ್ಲ, ಅಂಚಿನಲ್ಲಿರುವ ಹಿಗ್ಗುವ ಮಡಿಕೆ. ಅದರಿಂದ ಯಾರು ಕನ್ಯೆ, ಯಾರು ಅಲ್ಲ ಎಂದು ಹೇಳಲು ಆಗುವುದಿಲ್ಲ. ಲೇಡಿ ಡಾಕ್ಟರ್ ಬೇಕು ಎಂದು ಕೇಳಬಹುದು. ಗಂಡಸು ಡಾಕ್ಟರಾದರೆ ನರ್ಸ್ ಪಕ್ಕದಲ್ಲಿರಬೇಕು. ನೋವಾದರೆ 'ನಿಲ್ಲಿಸ್ರಿ' ಅಂದರೆ ನಿಲ್ಲಿಸಬೇಕು.

ನಮ್ಮ ಹುಡುಗಿಗೆ ಮೊದಲು ಜ್ವರ, ಬಿಪಿ, ನಾಡಿ ನೋಡಿದೆ. ಮೂರೂ ಸರಿ ಇದ್ದವು. ಡಾಕ್ಟರು ಸ್ಪೆಕ್ಯುಲಮ್ ಹಾಕಿ ಲೈಟ್ ಹಿಡಿದ ಕೂಡಲೇ ಗರ್ಭಕೋಶದ ಬಾಯಿಯ ಹಿಂದೆ ಬೂದು ಬಣ್ಣದ ಮುದ್ದೆ ಕಂಡಿತು. ನಾನು ಒಂದು ಡಬ್ಬಿಯಲ್ಲಿ ನೀರು ಹಿಡಿದು ನಿಂತಿದ್ದೆ. ಉದ್ದ ಇಕ್ಕಳದಿಂದ ತೆಗೆದ ಕೂಡಲೇ ನೀರಿಗೆ ಬಿಟ್ಟರು, ನೀರಿನೊಳಗೆ ಮುಳುಗಿದರೆ ವಾಸನೆ ಕೋಣೆಗೆಲ್ಲ ಹರಡುವುದಿಲ್ಲ. ಎರಡು ನಿಮಿಷದ ಕೆಲಸ. ಇನ್ನೊಂದು ಉಳಿದಿದೆಯಾ, ಒಳಗೆ ಹುಣ್ಣಾಗಿದೆಯಾ ಎಂದು ಮತ್ತೆ ಸುತ್ತ ನೋಡಿದರು. ತುಸು ಕೆಂಪಗಿತ್ತು ಅಷ್ಟೆ.

ಆಂಟಿಬಯೋಟಿಕ್ ಕೊಡಲಿಲ್ಲ. ಅದು ಅವಳಿಗೆ ಆಶ್ಚರ್ಯ, "ಏನೂ ಗುಳಿಗಿ ಬ್ಯಾಡೇನ್ರಿ?" ಅಂತ ಎರಡು ಸಲ ಕೇಳಿದಳು. ಜ್ವರ ಇಲ್ಲದಿದ್ದರೆ, ಕಿಬ್ಬೊಟ್ಟೆ ನೋವಿಲ್ಲದಿದ್ದರೆ ಸಾಮಾನ್ಯವಾಗಿ ಬೇಡ. ಹತ್ತಿ ಹೊರಬಂದರೆ ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳು ತಾವೇ ಮತ್ತೆ ಸರಿ ಮಾಡಿಕೊಳ್ಳುತ್ತವೆ. ಒಂದೆರಡು ದಿನ ಪ್ಯಾಡ್ ಹಾಕಿಕೋ, ಕಂದು ನೀರು ಸ್ವಲ್ಪ ಹೋಗುತ್ತದೆ ಅಂದರು. ಮೂರನೇ ದಿನ ಫೋನ್ ಮಾಡಿದಳು, ನಾತ ಪೂರ್ತಿ ಹೋಗಿತ್ತು. ತೆಗೆದ ಮೇಲೆ ಮೂರು ನಾಲ್ಕು ದಿನಕ್ಕೂ ವಾಸನೆ ಉಳಿದರೆ ಇನ್ನೊಮ್ಮೆ ತೋರಿಸಬೇಕು. ಆಗ ಒಂದೋ ಚೂರು ಉಳಿದಿದೆ, ಇಲ್ಲವೇ ಬೇರೆ ಸೋಂಕು ಜೊತೆಗಿದೆ.

ಕಾಯಬಾರದ ಲಕ್ಷಣಗಳು

ಟ್ಯಾಂಪನ್ ಮರೆತ ಬಹುತೇಕರಿಗೆ ನಾತ ಬಿಟ್ಟರೆ ಬೇರೇನೂ ಆಗುವುದಿಲ್ಲ. ಆದರೆ ಅಪರೂಪಕ್ಕೆ ಟಾಕ್ಸಿಕ್ ಶಾಕ್ ಎಂಬುದು ಬರುತ್ತದೆ, ಅದು ತಾಸುಗಳಲ್ಲಿ ಜೀವ ತೆಗೆಯಬಹುದು. ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರಿದಾಗ ಆಗುವಂಥದ್ದು. 1980ರಲ್ಲಿ ಅಮೆರಿಕದಲ್ಲಿ ವಿಪರೀತ ಹೀರುವ ಟ್ಯಾಂಪನ್‌ಗಳಿಂದ ಇದು ಬಹಳ ಜನರಿಗೆ ಬಂತು. ಎಂಟು ತಾಸಿಗಿಂತ ಹೆಚ್ಚು ಇಡಬೇಡಿ, ಸಾಕಾಗುವಷ್ಟು ಸಣ್ಣದನ್ನೇ ಬಳಸಿ ಎಂಬ ಎಚ್ಚರಿಕೆಯ ಹಿಂದೆ ಇರುವುದು ಈ ಕಾಯಿಲೆಯೇ.

ಇದರಲ್ಲಿ ವಾಸನೆ ಮುಖ್ಯ ಅಲ್ಲ, ಇಲ್ಲದೆಯೂ ಇರಬಹುದು. ಇದ್ದಕ್ಕಿದ್ದಂತೆ 102 ಡಿಗ್ರಿ ದಾಟುವ ಜ್ವರ, ವಾಂತಿ ಅಥವಾ ಭೇದಿ, ಮೈಕೈ ನೋವು, ಬಿಸಿಲಿಗೆ ಸುಟ್ಟ ಹಾಗೆ ಮೈಯೆಲ್ಲ ಕೆಂಪು, ಎದ್ದು ನಿಂತರೆ ತಲೆ ತಿರುಗಿ ಬೀಳುವ ಹಾಗೆ ಆಗುವುದು, ಇವು ಗುರುತು. ಎಲ್ಲ ಬರಲಿ ಎಂದು ಕಾಯಬೇಡಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಬೇಗ ಕಾಣುವುದಿಲ್ಲ, ಕಣ್ಣಿನ ಬಿಳಿ ಭಾಗ, ನಾಲಿಗೆ, ಅಂಗೈ ನೋಡಿ. ಟ್ಯಾಂಪನ್ ಕೈಗೆ ಸಿಗುವಂತಿದ್ದರೆ ತೆಗೆಯಿರಿ, ಇಲ್ಲದಿದ್ದರೆ ಅದಕ್ಕೆ ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಒಳಗೆ ಹೋದ ಕೂಡಲೇ 'ಟ್ಯಾಂಪನ್ ಇತ್ತು' ಎಂದು ಹೇಳಿ. ಹೇಳದಿದ್ದರೆ ಜ್ವರ, ಮೈಮೇಲೆ ಗಂಧೆ ನೋಡಿ ಡೆಂಗಿ ಎಂದುಕೊಂಡು ಹೊತ್ತು ಹೋಗಬಹುದು.

ಜ್ವರದ ಜೊತೆ ಕಿಬ್ಬೊಟ್ಟೆ ನೋವಿದ್ದರೆ, ಸಂಭೋಗದಲ್ಲಿ ಒಳಗೆ ನೋವಾಗುತ್ತಿದ್ದರೆ ಸೋಂಕು ಗರ್ಭಕೋಶದ ಕಡೆ ಏರಿರಬಹುದು. ಅದಕ್ಕೂ ಅದೇ ದಿನ ತೋರಿಸಿ, ಬಿಟ್ಟರೆ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ.

ಒಳಗೆ ಏನೂ ಇಲ್ಲ, ಆದರೂ ನಾತ

ನೀವು ಒಳಗೆ ಏನೂ ಇಟ್ಟವರೇ ಅಲ್ಲ ಎಂದರೆ ಹೆಚ್ಚಾಗಿ ಅದು ಬ್ಯಾಕ್ಟೀರಿಯಲ್ ವಜೈನೋಸಿಸ್. ಡಾಕ್ಟರುಗಳು ಬಾಯಲ್ಲಿ ಬಿವಿ ಎನ್ನುತ್ತಾರೆ. ಒಳಗಿನ ಹುಳಿ ಕಡಿಮೆಯಾಗಿ, ಒಳ್ಳೆಯ ಬ್ಯಾಕ್ಟೀರಿಯಾಗಳ ಜಾಗದಲ್ಲಿ ಬೇರೆಯವು ತುಂಬಿಕೊಳ್ಳುವುದು. ಇದರ ವಾಸನೆ ಕೊಳೆತದ್ದಲ್ಲ, ಹಸಿ ಮೀನಿನದು. ಮೀನು ತಿನ್ನದ ಮನೆಯವರಿಗೆ ಹೇಳುವುದಾದರೆ ಮೀನು ಮಾರ್ಕೆಟ್ ದಾಟುವಾಗ ಬರುವ ವಾಸನೆ. ಗಂಡ ಹೆಂಡತಿ ಕೂಡಿದ ಮೇಲೆ ಮತ್ತು ಮುಟ್ಟಿನಲ್ಲಿ ಜಾಸ್ತಿ, ಯಾಕೆಂದರೆ ವೀರ್ಯವೂ ರಕ್ತವೂ ಹುಳಿಯನ್ನು ಮುರಿಯುತ್ತವೆ. ಹೋಗುವುದು ತೆಳ್ಳಗೆ, ಬೂದು ಬಿಳಿ. ತುರಿಕೆ ಸಾಮಾನ್ಯವಾಗಿ ಇರುವುದಿಲ್ಲ. ಟ್ಯಾಂಪನ್ ನಾತ ಪಕ್ಕದವರಿಗೂ ಬಡಿಯುತ್ತದೆ, ಇದು ಹೆಚ್ಚಾಗಿ ನಿಮಗೆ, ನಿಮ್ಮ ಗಂಡನಿಗೆ ಮಾತ್ರ ಗೊತ್ತಾಗುತ್ತದೆ.

ಡಾಕ್ಟರು ಒಂದು ಹನಿ ತೆಗೆದು ಕಾಗದದ ಪಟ್ಟಿಯಲ್ಲಿ ಹುಳಿ ಅಳೆಯುತ್ತಾರೆ. ಪಿಎಚ್ 4.5 ದಾಟಿದ್ದರೆ ಅನುಮಾನ. ಇನ್ನೊಂದು ಹನಿಗೆ ಕ್ಷಾರದ ದ್ರವ ಬೆರೆಸಿದರೆ ಮೀನಿನ ವಾಸನೆ ಭಗ್ಗನೆ ಏಳುತ್ತದೆ. ಸೂಕ್ಷ್ಮದರ್ಶಕದಲ್ಲೂ ನೋಡಬಹುದು. ಚಿಕಿತ್ಸೆ ಹೆಚ್ಚಾಗಿ ಮೆಟ್ರೋನಿಡಾಜೋಲ್ ಗುಳಿಗೆ, ದಿನಕ್ಕೆ ಎರಡು, ಐದರಿಂದ ಏಳು ದಿನ. ಬಾಯಲ್ಲಿ ಲೋಹದ ರುಚಿ ಬರುತ್ತದೆ, ಹೊಟ್ಟೆ ತೊಳಸುತ್ತದೆ, ಊಟದ ಮೇಲೆ ತಗೊಳ್ಳಿ. ಎರಡನೇ ದಿನಕ್ಕೇ ವಾಸನೆ ಹೋಯಿತು ಎಂದು ನಿಲ್ಲಿಸಬೇಡಿ. ಬಸುರಿಯಾಗಿದ್ದರೆ ಮೊದಲೇ ಹೇಳಿ.

ಬಿವಿ ಮತ್ತೆ ಮತ್ತೆ ಬರುವ ಸ್ವಭಾವದ್ದು. ಅದಕ್ಕೆ ಹೆಂಗಸರು ಮಾಡುವ ಕೆಲಸವೇ ಅದನ್ನು ಹೆಚ್ಚಿಸುತ್ತದೆ. ಸ್ಫಟಿಕದ ನೀರು, ಬೇವಿನ ನೀರು, ಡೆಟಾಲ್ ಹಾಕಿದ ನೀರು, ಟಿವಿಯಲ್ಲಿ ತೋರಿಸುವ ಸುವಾಸನೆಯ ವಾಶ್, ಇವನ್ನು ಒಳಗೆ ಬಿಟ್ಟರೆ ಉಳಿದಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ಹೊರಗೆ ಬರೀ ನೀರಿನಲ್ಲಿ ತೊಳೆದರೆ ಸಾಕು. ಪದೇ ಪದೇ ಬಂದರೆ ಗಂಡನಿಗೂ ಚಿಕಿತ್ಸೆ ಕೊಡಬೇಕಾ ಎಂದು ಡಾಕ್ಟರನ್ನು ಕೇಳಿ. ಮೊದಲು ಬೇಡ ಎನ್ನುತ್ತಿದ್ದರು, 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಇಬ್ಬರಿಗೂ ಕೊಟ್ಟಾಗ ಮರುಕಳಿಸುವುದು ಕಡಿಮೆಯಾಯಿತು.

ಹಳದಿ ಹಸಿರು, ನೊರೆ ನೊರೆ, ನಾತದ ಜೊತೆ ತುರಿಕೆ ಉರಿ ಇದ್ದರೆ ಟ್ರೈಕೋಮೋನಾಸ್ ಇರಬಹುದು. ಅದು ಸಂಭೋಗದಿಂದ ಹರಡುವಂಥದ್ದು, ಗಂಡ ಗುಳಿಗೆ ತಗೊಳ್ಳದಿದ್ದರೆ ನಿಮಗೆ ವಾಸಿಯಾದರೂ ಮತ್ತೆ ಬರುತ್ತದೆ. ಒಡೆದ ಮೊಸರಿನಂತೆ ದಪ್ಪಗೆ ಹೋಗಿ ವಿಪರೀತ ತುರಿಕೆ ಇದ್ದರೆ ಅದು ಫಂಗಸ್, ಆದರೆ ಅದರಲ್ಲಿ ಈ ಪರಿ ನಾತ ಇರುವುದಿಲ್ಲ.

ಟ್ಯಾಂಪನ್ ಕಾಣದವರಿಗೂ

ಓದಿದವರು, 'ನಮ್ಮ ಊರಾಗ ಟ್ಯಾಂಪನ್ ಎಲ್ಲೈತಿ' ಅನ್ನಬಹುದು. ಸರಿ. ಆದರೆ ಒಳಗೆ ಉಳಿಯುವುದು ಟ್ಯಾಂಪನ್ ಒಂದೇ ಅಲ್ಲ.

ಹೆರಿಗೆಯಾಗಿ ಒಂದೆರಡು ವಾರಕ್ಕೆ ಬಾಣಂತಿಗೆ ನಾತ ಬಂದರೆ 'ಬಾಣಂತಿ ಮೈಲಿಗೆ ಹಾಗೇ' ಎಂದು ಮನೆಯ ಹಿರಿಯರು ಸುಮ್ನೆ ಬಿಡುತ್ತಾರೆ. ಬಾಣಂತಿಗೆ ಹೋಗುವ ರಕ್ತಕ್ಕೆ ಮುಟ್ಟಿನ ವಾಸನೆ ಇರುತ್ತದೆ, ಕೊಳೆತ ವಾಸನೆ ಇರಬಾರದು. ಹೊಲಿಗೆ ಹಾಕುವಾಗ ರಕ್ತ ತಡೆಯಲು ಇಟ್ಟ ಬಟ್ಟೆ ಒಳಗೇ ಉಳಿದಿರಬಹುದು, ಮಾಸು ಚೂರು ಉಳಿದಿರಬಹುದು, ಗರ್ಭಕೋಶಕ್ಕೇ ಸೋಂಕಾಗಿರಬಹುದು. ಮೂರರಲ್ಲಿ ಯಾವುದಾದರೂ ಅದೇ ದಿನ ಆಸ್ಪತ್ರೆ.

ಮುಟ್ಟಾಗದ ಸಣ್ಣ ಹುಡುಗಿಗೆ ನಾತದ ಜೊತೆ ರಕ್ತ ಬೆರೆತದ್ದು ಹೋದರೆ ಆಟದಲ್ಲಿ ಮಣಿ, ಕಾಗದದ ಚೂರು ಒಳಗೆ ಸೇರಿರಬಹುದು. ಮನೆಯಲ್ಲಿ ಬೆರಳು ಹಾಕಬೇಡಿ, ಗದರಿಸಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಯಾರಾದರೂ ಮಗುವಿಗೆ ಏನಾದರೂ ಮಾಡಿದ್ದಾರೆಯೇ ಎಂಬುದನ್ನೂ ಡಾಕ್ಟರು ನೋಡಬೇಕಾಗುತ್ತದೆ.

ಮುಟ್ಟು ನಿಂತವರಿಗೆ, ಇಲ್ಲವೇ ನಲವತ್ತರ ಆಚೀಚಿನವರಿಗೆ ನಾತದ ನೀರು, ನಡುವೆ ರಕ್ತದ ಕಲೆ, ಕೂಡಿದ ಮೇಲೆ ರಕ್ತ ಕಂಡರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಅದಕ್ಕೂ ಮೊದಲ ಹೆಜ್ಜೆ ಅದೇ ಸ್ಪೆಕ್ಯುಲಮ್. ಅನುಮಾನ ಬಂದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.

ಇನ್ನು ಅಜ್ಜಿಯಂದಿರು. ಗರ್ಭಕೋಶ ಜಾರಿದವರಿಗೆ ಆಪರೇಷನ್ ಬೇಡವೆಂದು ಒಳಗೆ ರಬ್ಬರ್ ಅಥವಾ ಸಿಲಿಕೋನ್ ಉಂಗುರ ಹಾಕಿರುತ್ತಾರೆ. ಅದನ್ನು ಮೂರರಿಂದ ಆರು ತಿಂಗಳಿಗೊಮ್ಮೆ ತೆಗೆದು ತೊಳೆದು ನೋಡಬೇಕು. ಹಾಕಿದ ಮೇಲೆ ಆರಾಮ ಅನ್ನಿಸಿ ಅಜ್ಜಿ ಮರೆತೇಬಿಡುತ್ತಾಳೆ. ನವಲಗುಂದ ಕಡೆಯಿಂದ ಒಬ್ಬ ಅಜ್ಜಿಯನ್ನು ಸೊಸೆ ಕರೆತಂದಿದ್ದಳು, ನಾತಕ್ಕೆ. ಒಳಗೆ ಏನಾದರೂ ಇಟ್ಟಿದ್ದಾರಾ ಎಂದರೆ 'ಏನಿಲ್ಲವಾ' ಅಂದಳು ಅಜ್ಜಿ. ಸ್ಪೆಕ್ಯುಲಮ್ ಹಾಕಿದರೆ ಉಂಗುರ ಕಂಡಿತು. "ಎಷ್ಟ ವರ್ಷ ಆತಬೇ ಇದನ್ನ ಹಾಕಿಸಿ?" ಎಂದು ಕೇಳಿದೆ. ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿ, "ನಮ್ಮ ಮೊಮ್ಮಗ ಸಾಲಿಗೆ ಸೇರಿದ ವರ್ಷ" ಅಂದಳು. ಸೊಸೆ ನನ್ನ ಮುಖ ನೋಡಿದಳು. ಮೊಮ್ಮಗ ಆಗ ಆರನೇ ಇಯತ್ತೆಯಲ್ಲಿದ್ದ.